ರಾಜ್ಯೋತ್ಸವ ಪೋಸ್ಟರ್: 34 ಮಕ್ಕಳ ಹಳದಿ-ಕೆಂಪು ಒಂದೇ ಥರ ಬರ್ತಿಲ್ಲ

ಮೂಡಿಗೆರೆ_ಟೀಚರ್

ನಾನು ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿ ನೋಡಿಕೊಳ್ಳುತ್ತೇನೆ. ನವೆಂಬರ್ 1ಕ್ಕೆ ತರಗತಿಯ ಪೋಸ್ಟರ್ ಮಾಡ್ತಿದ್ದೇವೆ. ಒಬ್ಬೊಬ್ಬರ ಫೋಟೋ ತೆಗೆದು ಬಾವುಟದ ಹಾಗೆ ಜೋಡಿಸುವುದು: ಮೇಲಿನ 17 ಮಕ್ಕಳು ಹಳದಿ, ಕೆಳಗಿನ 17 ಮಕ್ಕಳು ಕೆಂಪು. "ಹಳದಿ ಅಥವಾ ಕೆಂಪು ಬಟ್ಟೆ ಹಾಕಿಸಿ ಕಳಿಸಿ" ಎಂದು ಮನೆಗಳಿಗೆ ಹೇಳಿದ್ದೆ. ಬಂದಿದ್ದು ನಿಂಬೆಹಣ್ಣಿನ ಹಳದಿ, ಸಾಸಿವೆ ಬಣ್ಣ, ಚೆಂಡುಹೂವಿನ ಬಣ್ಣ. ಕೆಂಪಿನಲ್ಲಿ ಮರೂನೂ ಇದೆ, ರಾಣಿ ಬಣ್ಣವೂ ಇದೆ.

ಅದಕ್ಕಿಂತ ವಿಚಿತ್ರ ಅಂದರೆ ಒಬ್ಬಳೇ ಹುಡುಗಿ, ಅದೇ ಲಂಗ, ಎರಡು ಫೋಟೋದಲ್ಲಿ ಎರಡು ಹಳದಿ. ತರಗತಿಯೊಳಗೆ ತೆಗೆದದ್ದು `#EFE08A`, ಜಗುಲಿಯಲ್ಲಿ ತೆಗೆದದ್ದು `#E3BE2C`. ಮೊಬೈಲಿನಲ್ಲೇ ಸರಿ ಮಾಡಬಹುದಾ? ಇನ್ನು 12 ದಿನ ಇದೆ.

ಬಣ್ಣದ_ಹುಚ್ಚು

ಸುಲಭ ಇದೆ ಮೇಡಂ. ಕಂಪ್ಯೂಟರಿನಲ್ಲಿ GIMP ಸಾಫ್ಟ್‌ವೇರಿನಲ್ಲಿ ಫೋಟೋ ತೆರೆದು `Colors > Hue-Saturation` ಗೆ ಹೋಗಿ. ಹಳದಿಯನ್ನು ಆರಿಸಿಕೊಂಡು `Hue` ಸ್ವಲ್ಪ ಜರುಗಿಸಿ, `Saturation` ಜಾಸ್ತಿ ಮಾಡಿ. ಎಲ್ಲ ಹಳದಿಯೂ ಒಂದೇ ಆಗುತ್ತದೆ. ಕೆಂಪಿಗೂ ಹಾಗೇ.

ಮೂಡಿಗೆರೆ_ಟೀಚರ್

ಮಾಡಿ ನೋಡಿದೆ ಸರ್. ಲಂಗ ಸರಿಯಾಯಿತು, ಆದರೆ ಮಗುವಿನ ಮುಖ ಕಾಮಾಲೆ ಬಂದ ಹಾಗೆ ಕಾಣ್ತಿದೆ. ಕೆಂಪು ಮುಟ್ಟಿದರೆ ತುಟಿ, ಕೆನ್ನೆ ಎಲ್ಲ ಬದಲಾಗುತ್ತೆ.

ಹಾಸನ_ಸ್ಟುಡಿಯೋ

ಹಾಸನದಲ್ಲಿ ಶಾಲೆಗಳ ಗ್ರೂಪ್ ಫೋಟೋ ತೆಗೆಯುವುದು ನನ್ನ ಕಸುಬು. ನವೆಂಬರ್ ಬಂದರೆ ಇದೇ ತೊಂದರೆ ನನಗೂ ಬರುತ್ತದೆ.

ಮುಖ ಯಾಕೆ ಕೆಡುತ್ತದೆ ಅಂದರೆ, ನಮ್ಮ ಮೈಬಣ್ಣ ಇರುವುದೇ ಹಳದಿ ಮತ್ತು ಕೆಂಪಿನ ನಡುವೆ. ಹಸಿರು ಅಥವಾ ನೀಲಿ ಬಟ್ಟೆಯಾಗಿದ್ದರೆ ಮೇಲಿನ ಸರ್ ಹೇಳಿದ್ದು ಆರಾಮಾಗಿ ನಡೆಯುತ್ತಿತ್ತು. ಇಲ್ಲಿ ಬಟ್ಟೆ ಎಳೆದರೆ ಮುಖವೂ ಜೊತೆಗೆ ಬರುತ್ತದೆ. ಪ್ರತಿ ಫೋಟೋದಲ್ಲೂ ಬಟ್ಟೆಯನ್ನಷ್ಟೇ ಗೆರೆ ಎಳೆದು ಬೇರೆ ಮಾಡಬೇಕು. 34 ಮಕ್ಕಳಿಗೆ ಅದು ಎರಡು ರಾತ್ರಿಯ ಕೆಲಸ, ಆಗಲೂ ಕೂದಲು, ಕತ್ತಿನ ಹತ್ತಿರ ಅಂಚು ಕಾಣುತ್ತದೆ.

ಒಂದೇ ಲಂಗ ಎರಡು ಬಣ್ಣ ಆಗಿದ್ದು ಬೆಳಕಿನಿಂದ ಅಷ್ಟೇ ಅಲ್ಲ. ಮೊಬೈಲ್ ಪ್ರತಿ ಸಲವೂ ಬೆಳಕಿನ ಬಣ್ಣವನ್ನು ತಾನೇ ಊಹಿಸುತ್ತದೆ. ಚೌಕಟ್ಟಿನ ತುಂಬ ಹಳದಿ ಇದ್ದರೆ ಬೆಳಕೇ ಹಳದಿ ಅಂದುಕೊಂಡು ನೀಲಿ ಸೇರಿಸಿಬಿಡುತ್ತದೆ. ನಿಮ್ಮ ಮೊದಲ ಸಂಖ್ಯೆಯ ಕೊನೆಯ ಎರಡು ಅಕ್ಷರ `8A`, ಎರಡನೆಯದರಲ್ಲಿ `2C`. ಅದು ನೀಲಿಯ ಪಾಲು. ಅದಕ್ಕೇ ತರಗತಿಯೊಳಗಿನ ಹಳದಿ ತೊಳೆದುಹೋದ ಹಾಗಿದೆ.

ಹಾಗಾಗಿ ಫೋಟೋ ಮತ್ತೆ ತೆಗೆಯಿರಿ. ಕ್ಯಾಮೆರಾದ `Pro` ಮೋಡಿನಲ್ಲಿ ಬೆಳಕಿನ ಬಣ್ಣ ಹೊಂದಿಸುವ `WB` ಅನ್ನು ಒಂದು ಸಂಖ್ಯೆಗೆ ನಿಲ್ಲಿಸಿ. ಜಗುಲಿಯ ನೆರಳಾದರೆ 6500 ಸುತ್ತಮುತ್ತ. ಆ ಸಂಖ್ಯೆ ನೂರಕ್ಕೆ ನೂರು ಸರಿ ಇರಬೇಕೆಂದಿಲ್ಲ, 34 ಫೋಟೋಗೂ ಅದೇ ಇರಬೇಕು ಅಷ್ಟೇ. ತಪ್ಪಿದ್ದರೂ ಎಲ್ಲದರಲ್ಲೂ ಒಂದೇ ತಪ್ಪು, ಒಂದೇ ಸಲಕ್ಕೆ ತಿದ್ದಬಹುದು.

ಬಾವುಟ_ಪ್ರೇಮಿ

ಹಳದಿ ಮೇಲೆ, ಕೆಂಪು ಕೆಳಗೆ ಅನ್ನೋದು ಸರಿ ಇದೆ. ಮ. ರಾಮಮೂರ್ತಿಯವರು ರೂಪಿಸಿದ ಬಾವುಟ ಹಾಗೇ ಇರೋದು. ಆದರೆ ನಡುವೆ ಭುವನೇಶ್ವರಿಯ ಚಿತ್ರ ಹಾಕಬಹುದಾ? ನಮ್ಮ ಸಂಘದ ಫ್ಲೆಕ್ಸಿಗೆ ಹಾಕಬೇಕು ಅಂತಿದ್ದೇವೆ.

ಮೂಡಿಗೆರೆ_ಟೀಚರ್

ನನ್ನದು ಬಾವುಟದ ಪ್ರಶ್ನೆ ಅಲ್ಲ ಸರ್, ಬಟ್ಟೆಯ ಬಣ್ಣದ್ದು. ಅದನ್ನು ಬೇರೆಯಾಗಿ ಕೇಳಿ, ಗೊತ್ತಿರೋರು ಹೇಳ್ತಾರೆ.

ಸ್ಟುಡಿಯೋ ಸರ್, ಬೆಳಕು ಅರ್ಥ ಆಯ್ತು. ಆದರೆ ಬಟ್ಟೆಗಳೇ ಬೇರೆ ಬೇರೆ ಇವೆಯಲ್ಲ? ಮತ್ತೆ ಹೊಸದು ತನ್ನಿ ಅಂತ ಮನೆಯವರಿಗೆ ಹೇಳಲು ನನಗೆ ಮನಸ್ಸಿಲ್ಲ. ಕೂಲಿಗೆ ಹೋಗುವವರು ಜಾಸ್ತಿ.

ಕತ್ತರಿ_ಅಕ್ಕ

ಹೊಸ ಬಟ್ಟೆ ಬೇಡ ಟೀಚರ್. ಎಲ್ಲರಿಗೂ ಯೂನಿಫಾರ್ಮ್ ಹಾಕಿಸಿ, ಮೇಲೆ ಹಳದಿ-ಕೆಂಪು ಶಲ್ಯ ಹೊದಿಸಿ. ನಾನು ಹೊಲಿಗೆಯವಳು, ಲೆಕ್ಕ ಹೇಳ್ತೀನಿ.

ಪಾಪ್ಲಿನ್ ತಗೊಳ್ಳಿ. ಸ್ಯಾಟಿನ್ ಬೇಡ, ಅದು ಮಿಂಚುತ್ತೆ, ಮಡಿಕೆ ಮಡಿಕೆಗೂ ಬೇರೆ ಬಣ್ಣ ಕಾಣುತ್ತೆ. 44 ಇಂಚು ಪನ್ನದ ಬಟ್ಟೆಯಲ್ಲಿ ಮೂರೂವರೆ ಇಂಚಿನ ಪಟ್ಟಿ 12 ಬರುತ್ತೆ. ಪಟ್ಟಿಯ ಉದ್ದ ಒಂದೂವರೆ ಮೀಟರ್ ಇಟ್ಟರೆ, ನಾಲ್ಕೂವರೆ ಮೀಟರ್ ಬಟ್ಟೆಗೆ 36 ಪಟ್ಟಿ. ನಿಮಗೆ 34 ಸಾಕು. ತೊಳೆದರೆ ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಹಳದಿ 5 ಮೀಟರ್, ಕೆಂಪು 5 ಮೀಟರ್ ತನ್ನಿ. ಎರಡೂ ಪಟ್ಟಿ ಕೂಡಿಸಿ ಅಂಚು ಮಡಚಿದರೆ ಐದು ಇಂಚು ಅಗಲದ ಶಲ್ಯ ಆಗುತ್ತೆ.

ಮುಖ್ಯ ಮಾತು: ಪೂರ್ತಿ ಬಟ್ಟೆ ಒಂದೇ ಥಾನಿನಿಂದ ಕತ್ತರಿಸಿ ಕೊಡಿ ಅನ್ನಿ. ಇವತ್ತು 3 ಮೀಟರ್, ನಾಳೆ 2 ಮೀಟರ್ ಅಂತ ತಂದರೆ ಅದೇ ಅಂಗಡಿಯಲ್ಲೂ ಬಣ್ಣ ಬೇರೆ ಆಗಿರುತ್ತೆ. ಅಂಗಡಿಯ ಲೈಟಿನ ಕೆಳಗೆ ನೋಡಿ ಒಪ್ಪಬೇಡಿ, ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡಿ.

ಬಣ್ಣದ_ಹುಚ್ಚು

ಕೆಂಪು ಬಣ್ಣ ಬಿಟ್ಟು ಹಳದಿಗೆ ಹತ್ತುತ್ತಲ್ಲ? ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಕಚ್ಚಿಕೊಳ್ಳುತ್ತೆ.

ಕತ್ತರಿ_ಅಕ್ಕ

ಬಣ್ಣ ಹತ್ತುತ್ತೆ ಅನ್ನೋದು ನಿಜ. ಉಪ್ಪು ಕೆಲಸ ಮಾಡೋದು ಬಣ್ಣ ಅದ್ದುವಾಗ. ಬಣ್ಣ ಹಾಕಿ ಮಾರಿದ ಬಟ್ಟೆಗೆ ಆಮೇಲೆ ಉಪ್ಪು ಹಾಕಿದರೆ ನಿಲ್ಲಲ್ಲ. ಕತ್ತರಿಸೋ ಮೊದಲೇ ಕೆಂಪನ್ನು ಬೇರೆಯಾಗಿ ನೀರು ತಿಳಿಯಾಗುವ ತನಕ ಒಗೆಯಿರಿ. ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ ನೋಡಿ, ಗುಲಾಬಿ ಬಣ್ಣ ಬಂದರೆ ಇನ್ನೊಂದು ಸಲ ಒಗೆಯಬೇಕು.

ಹಾಸನ_ಸ್ಟುಡಿಯೋ

ಅಕ್ಕ ಹೇಳಿದ್ದೇ ಸರಿ ದಾರಿ. ಶಲ್ಯ ಹೊದಿಸುವಾಗ ಎಲ್ಲರಿಗೂ ಹಳದಿ ಕತ್ತಿನ ಕಡೆಗೇ ಬರಲಿ.

ಜಾಗದ ಬಗ್ಗೆ ಎರಡು ಮಾತು. ನಿಮ್ಮ ಕಡೆ ಸುತ್ತ ಗಿಡ ಮರ ಜಾಸ್ತಿ. ಹುಲ್ಲಿನ ಮೇಲೆ, ಸಿಲ್ವರ್ ಮರದ ಕೆಳಗೆ ನಿಲ್ಲಿಸಿದರೆ ಹಳದಿಗೆ ಹಸಿರು ಛಾಯೆ ಬರುತ್ತದೆ. ಸಿಮೆಂಟ್ ನೆಲದ ಜಗುಲಿ ಒಳ್ಳೆಯದು. ಮಂಜು ಪೂರ್ತಿ ಕರಗಿದ ಮೇಲೆ ಶುರು ಮಾಡಿ ಒಂದು ಗಂಟೆಯೊಳಗೆ ಮುಗಿಸಿ.

ಮೊದಲ ಮಗುವಿನ ಕೈಯಲ್ಲಿ ಬಿಳಿ ಸೀಮೆಸುಣ್ಣ ಒತ್ತಾಗಿ ಬಳಿದ ಸ್ಲೇಟು ಕೊಟ್ಟು ಒಂದು ಫೋಟೋ ತೆಗೆಯಿರಿ. ಆಮೇಲೆ ಬಿಳಿ ಯಾವುದು ಅಂತ ಸಾಫ್ಟ್‌ವೇರಿಗೆ ತೋರಿಸಲು ಅದು ಬೇಕು. ಬಿಳಿ ಅಂಗಿಯ ಕಾಲರ್ ತೋರಿಸಬೇಡಿ. ನಾವು ಬಟ್ಟೆಗೆ ನೀಲಿ ಹಾಕ್ತೀವಲ್ವಾ, ಅದನ್ನು ಬಿಳಿ ಎಂದು ತೋರಿಸಿದರೆ ಇಡೀ ಫೋಟೋ ಹಳದಿಗೆ ತಿರುಗುತ್ತದೆ.

ಕೆಂಪಿನಲ್ಲಿ ಮಡಿಕೆ ಕಾಣದೆ ಬಣ್ಣ ಬಳಿದ ಹಾಗಿದ್ದರೆ ಬೆಳಕು ಜಾಸ್ತಿಯಾಗಿದೆ ಅಂತ ಅರ್ಥ. `EV` ಅನ್ನು `-0.7` ಮಾಡಿ.

ಮೂಡಿಗೆರೆ_ಟೀಚರ್

ಆರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಚಿಕ್ಕಮಗಳೂರಿನಿಂದ ಒಂದೇ ಥಾನಿನ ಬಟ್ಟೆ ತಂದೆವು. ಕೆಂಪನ್ನು ನಾಲ್ಕು ಸಲ ಒಗೆಯಬೇಕಾಯಿತು. ಇಬ್ಬರು ಮಕ್ಕಳ ಅಮ್ಮಂದಿರೇ ಎಲ್ಲ ಶಲ್ಯ ಹೊಲಿದು ಕೊಟ್ಟರು. ಮನೆಯಿಂದ ತಂದ ಹಳದಿ-ಕೆಂಪು ಬಟ್ಟೆಯನ್ನು ಮಕ್ಕಳು ಒಂದನೇ ತಾರೀಖಿನ ಮೆರವಣಿಗೆಗೆ ಹಾಕಿಕೊಳ್ಳುತ್ತಾರೆ, ಹಾಗಾಗಿ ಯಾರಿಗೂ ಬೇಜಾರಿಲ್ಲ.

ಎಲ್ಲರಿಗೂ ಎರಡೂ ಬಣ್ಣ ಇರುವುದರಿಂದ 17-17 ಸಾಲು ಬಿಟ್ಟೆ. ಫೋಟೋ ಹಿಂದಿನ ಬಣ್ಣವನ್ನೇ ಮೇಲೆ ಹಳದಿ, ಕೆಳಗೆ ಕೆಂಪು ಮಾಡಿದೆ. 34 ಫೋಟೋದಲ್ಲಿ 31 ಪಕ್ಕಾ ಬಂದಿವೆ. ಕೊನೆಯ ಮೂರರ ಹೊತ್ತಿಗೆ ಮೋಡ ಮುಚ್ಚಿ ಸ್ವಲ್ಪ ನೀಲಿಯಾಗಿವೆ, ಅವನ್ನು ನಾಳೆ ಮತ್ತೆ ತೆಗೆಯುತ್ತೇನೆ.

ಈಗ ಇನ್ನೊಂದು ತೊಂದರೆ. ಪ್ರಿಂಟ್ ಹಾಕುವಲ್ಲಿ ಮಾದರಿ ತೆಗೆಸಿದೆ. ಹಳದಿ ಚೆನ್ನಾಗಿದೆ, ಕೆಂಪು ಮಾತ್ರ ಮೊಬೈಲಿನಲ್ಲಿ ಕಂಡಷ್ಟು ಕೆಂಪಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿದೆ.

ಹಾಸನ_ಸ್ಟುಡಿಯೋ

ಹಿನ್ನೆಲೆಗೆ `#FF0000` ಹಾಕಿದ್ದೀರಾ? ಅದು ಪರದೆಯ ಬೆಳಕಿನ ಕೆಂಪು, ಶಾಯಿಯಲ್ಲಿ ಅಷ್ಟು ಬರುವುದೇ ಇಲ್ಲ. ಹಿನ್ನೆಲೆಯನ್ನು ಶಲ್ಯದ ಕೆಂಪಿಗೆ ಹತ್ತಿರ ತಂದರೆ ಎರಡೂ ಹೊಂದುತ್ತವೆ. ಶಾಯಿಯ ಲೆಕ್ಕದಲ್ಲಿ M ಅಂದರೆ ಮೆಜೆಂಟಾ, Y ಅಂದರೆ ಹಳದಿ. `M100 Y100` ಹಾಕಿ ಒಂದು ಪಟ್ಟಿ, `M100 Y85` ಹಾಕಿ ಇನ್ನೊಂದು ಪಟ್ಟಿ ತೆಗೆಸಿ, ಶಲ್ಯ ಪಕ್ಕದಲ್ಲಿಟ್ಟು ಬಿಸಿಲಿನಲ್ಲಿ ನೋಡಿ. ಯಾವುದು ಒಪ್ಪುತ್ತದೆ ಅನ್ನುವುದು ಆ ಮಷಿನ್ನು, ಆ ಕಾಗದದ ಮೇಲೆ ಹೋಗುತ್ತದೆ, ನಾನು ಇಲ್ಲಿ ಕೂತು ಹೇಳಲಾರೆ.

ಮೂಡಿಗೆರೆ_ಟೀಚರ್

ಹೌದು ಸರ್, ಅದನ್ನೇ ಹಾಕಿದ್ದೆ. ಶನಿವಾರ ಶಲ್ಯ ಚೀಲದಲ್ಲಿಟ್ಟುಕೊಂಡು ಹೋಗಿ ಎರಡು ಪಟ್ಟಿಯನ್ನೂ ತೆಗೆಸುತ್ತೇನೆ.