ಪದಚರ್ಚೆ: ‘ಲ್ಯಾಪ್ ಲೆಂತ್’ ಮತ್ತು ‘ಸ್ಟ್ಯಾಗರ್’ ಪದಗಳಿಗೆ ಕನ್ನಡದಲ್ಲಿ ಏನೆನ್ನಬಹುದು?

ಪ್ರಶ್ನೆ ಕೇಳಿದ ಅನುವಾದಕಿ:

ಮಾನ್ಯರೇ, ಕಟ್ಟಡ ಕೆಲಸದ ಮೇಲ್ವಿಚಾರಕರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಿಲ್ಲರಿನಲ್ಲಿ ಒಂದು ಕಂಬಿ ಮುಗಿಯುವ ಮುನ್ನವೇ ಅದರ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿ, ಒಂದಿಷ್ಟು ಉದ್ದ ಎರಡನ್ನೂ ಜೊತೆಯಾಗಿ ಸಾಗಿಸುತ್ತಾರಲ್ಲ, ಆ ಉದ್ದವೇ ‘ಲ್ಯಾಪ್ ಲೆಂತ್’. ಹಳೆಯ ಕರಡಿನಲ್ಲಿ ಯಾರೋ ಇದನ್ನು ‘ಮಡಿಲ ಉದ್ದ’ ಎಂದಿದ್ದರು. ನಾನು ಅದನ್ನು ಹೊಡೆದುಹಾಕಿ ‘ಬೆಸುಗೆ ಉದ್ದ’ ಎಂದು ಬರೆದೆ. ಈಗ ಅದೂ ಸರಿಯೆನಿಸುತ್ತಿಲ್ಲ. ಇಂಥ ಲ್ಯಾಪುಗಳನ್ನು ಒಂದೇ ಮಟ್ಟದಲ್ಲಿ ಬಾರದಂತೆ ‘ಸ್ಟ್ಯಾಗರ್’ ಮಾಡಬೇಕು ಎಂಬ ಮಾತಿಗೂ ಪದ ಬೇಕಾಗಿದೆ.

ನಿವೃತ್ತ ವಿನ್ಯಾಸ ಎಂಜಿನಿಯರ್:

‘ಬೆಸುಗೆ’ ಖಂಡಿತ ಬೇಡ. ಇಲ್ಲಿ ಎರಡು ಕಂಬಿಗಳು ಒಂದಾಗುವುದೇ ಇಲ್ಲ, ಮತ್ತು ಅವುಗಳಿಗೆ ಸುತ್ತುವ ತಂತಿಯ ಕೆಲಸ ಕಾಂಕ್ರೀಟ್ ಹಾಕುವವರೆಗೆ ಕಂಬಿ ಅಲುಗದಂತೆ ಹಿಡಿಯುವುದಷ್ಟೇ. ಎಳೆತವು ಮೊದಲ ಕಂಬಿಯ ಮೈಮೇಲಿನ ಏಣುಗಳಿಂದ ಸುತ್ತಲಿನ ಕಾಂಕ್ರೀಟಿಗೂ ಅಲ್ಲಿಂದ ಎರಡನೆಯ ಕಂಬಿಗೂ ದಾಟುತ್ತದೆ. ಹಾಗೆ ದಾಟಲು ಬೇಕಾದ ಉದ್ದವೇ ಲ್ಯಾಪ್. M25 ದರ್ಜೆಯ ಕಾಂಕ್ರೀಟ್, Fe500 ದರ್ಜೆಯ ಕಂಬಿಯಾದರೆ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456ರ ಲೆಕ್ಕದಂತೆ ಇದು ಕಂಬಿಯ ದಪ್ಪದ ಸುಮಾರು 49 ಪಟ್ಟು, ಅಂದರೆ 16 ಮಿ.ಮೀ. ಕಂಬಿಗೆ 785 ಮಿ.ಮೀ.

ದಾಟುವಾಗ ಏಣುಗಳು ಕಾಂಕ್ರೀಟನ್ನು ಹೊರಕ್ಕೆ ಒತ್ತುತ್ತವೆ, ಅದರಲ್ಲೂ ಲ್ಯಾಪಿನ ಎರಡು ತುದಿಗಳಲ್ಲಿ ಹೆಚ್ಚು. ಎಲ್ಲ ಕಂಬಿಗಳ ಲ್ಯಾಪೂ ಒಂದೇ ಮಟ್ಟದಲ್ಲಿದ್ದರೆ ಈ ಒತ್ತಡಗಳು ಒಂದೇ ಕಡೆ ಸೇರಿ, ಕಂಬಿಯ ಉದ್ದಕ್ಕೇ ಬಿರುಕು ಹರಿದು, ಹೊರಪದರ ಕಳಚುತ್ತದೆ. ಅಲ್ಲದೆ ಆ ಮಟ್ಟದಲ್ಲಿ ಕಂಬಿಗಳ ಸಂಖ್ಯೆ ಇಮ್ಮಡಿಯಾಗುವುದರಿಂದ ಜಲ್ಲಿ ಇಳಿಯದೆ ಪೊಳ್ಳು ಉಳಿಯುತ್ತದೆ. ಹಾಗಾಗಿಯೇ ಸ್ಟ್ಯಾಗರ್.

ಒಬ್ಬ ಗುತ್ತಿಗೆದಾರರು:

ಸರ್ ಹೇಳಿದ್ದು ಬೀಮಿಗೆ ಸರಿ. ಅಲ್ಲಿ ತಳದ ಕಂಬಿಗೆ ನಡುಮಧ್ಯದಲ್ಲಿ ಲ್ಯಾಪ್ ಕೊಡಬಾರದೆಂದು ನಾವೂ ಬಲ್ಲೆವು. ಪಿಲ್ಲರಿನ ಮೇಲೆ ಬರುವುದು ಬರೀ ಒತ್ತುವ ಭಾರ, ಅದಕ್ಕೆ 24 ಪಟ್ಟು ಸಾಕು. ಸ್ಟ್ಯಾಗರಿಗೆ ನಾವು ಲ್ಯಾಪಿನ ಉದ್ದವನ್ನು 1.3ರಿಂದ ಗುಣಿಸಿ, ಮೊದಲ ಲ್ಯಾಪ್ ಮುಗಿದ ಮೇಲೆ ಅಷ್ಟು ಜಾಗ ಬಿಡುತ್ತೇವೆ.

ಎಂಜಿನಿಯರ್:

ಎರಡೂ ಅರ್ಧ ಸರಿ. ಒತ್ತುವ ಭಾರಕ್ಕೂ 24 ಪಟ್ಟು ಕನಿಷ್ಠ ಮಿತಿ ಮಾತ್ರ. ನಾನು ಮೇಲೆ ಹೇಳಿದ ಕಾಂಕ್ರೀಟು, ಕಂಬಿಗೆ ಲೆಕ್ಕ ಹಾಕಿದರೆ ಸುಮಾರು 39 ಪಟ್ಟು ಬರುತ್ತದೆ. ಭೂಮಿ ನಡುಗಿದಾಗ ಪಿಲ್ಲರು ಎರಡು ಕಡೆಗೂ ಬಾಗುವುದರಿಂದ, ಒತ್ತಡದಲ್ಲಿದ್ದ ಕಂಬಿಯೇ ಎಳೆತಕ್ಕೆ ಸಿಕ್ಕುತ್ತದೆ. ಇನ್ನು 1.3 ಪಟ್ಟನ್ನು ಲ್ಯಾಪಿನ ನಡುವಿನಿಂದ ನಡುವಿಗೆ ಅಳೆಯಬೇಕು. 785 ಮಿ.ಮೀ. ಲ್ಯಾಪಿಗೆ ಅದು 1,020 ಮಿ.ಮೀ.; ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಉಳಿಯುವುದು 235 ಮಿ.ಮೀ. ಮಾತ್ರ. ನೀವು ಹೆಚ್ಚು ಜಾಗ ಬಿಡುವುದರಿಂದ ತೊಂದರೆಯಿಲ್ಲ, ಆದರೆ ಪಿಲ್ಲರಿನಲ್ಲಿ ಅಷ್ಟು ಎತ್ತರ ಎಲ್ಲಿ ಸಿಗುತ್ತದೆ?

ಮನೆ ಕಟ್ಟಿಸುತ್ತಿರುವ ಸದಸ್ಯರು:

ಪದದ ವಿಷಯ ಬಿಟ್ಟು ನನ್ನ ಕಷ್ಟ ಹೇಳಿಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮ ಮೇಸ್ತ್ರಿ ಮೊದಲ ಮಹಡಿಗೆಂದು 16 ಮಿ.ಮೀ. ಕಂಬಿಗಳನ್ನು ಮೋಲ್ಡಿನ ಮೇಲೆ ಒಂದೂವರೆ ಅಡಿ ಬಿಟ್ಟಿದ್ದಾರೆ, ಎಲ್ಲವೂ ಒಂದೇ ಎತ್ತರಕ್ಕೆ. ಮೋಲ್ಡಿಂದಲೇ ಲ್ಯಾಪ್ ಹಾಕಬಹುದಲ್ಲವೇ?

ಎಂಜಿನಿಯರ್:

ಒಂದೂವರೆ ಅಡಿಯೆಂದರೆ ಸುಮಾರು 450 ಮಿ.ಮೀ., ಬರೀ 28 ಪಟ್ಟು. ಜಾಗವೂ ತಪ್ಪು. ಪಿಲ್ಲರಿನ ಬುಡ ಮತ್ತು ತಲೆಯಲ್ಲಿ ಬಾಗುವ ಬಲ ಹೆಚ್ಚಾದ್ದರಿಂದ, ಭೂಕಂಪ ತಾಳುವ ಕಟ್ಟಡಗಳ ಮಾನಕವಾದ ಐಎಸ್ 13920 ಅನ್ವಯಿಸುವ ಕಡೆ ಲ್ಯಾಪ್ ಪಿಲ್ಲರಿನ ನಡುವಿನ ಅರ್ಧದಲ್ಲೇ ಇರಬೇಕು, ಒಂದು ಮಟ್ಟದಲ್ಲಿ ಅರ್ಧದಷ್ಟು ಕಂಬಿಗಳಿಗೆ ಮೀರಬಾರದು. ಪಿಲ್ಲರಿನ ಎತ್ತರ 3 ಮೀಟರ್ ಎಂದಿಟ್ಟುಕೊಂಡರೆ ನಡುವಿನ ಅರ್ಧ 1,500 ಮಿ.ಮೀ.; ಸ್ಟ್ಯಾಗರ್ ಮಾಡಿದ ಎರಡು ಲ್ಯಾಪಿಗೆ ಬೇಕಾದದ್ದು ಸುಮಾರು 1,800. ಹಿಡಿಸುವುದೇ ಇಲ್ಲ! ಆದ್ದರಿಂದ ಅರ್ಧ ಕಂಬಿಗಳಿಗೆ ಈ ಮಹಡಿಯಲ್ಲಿ, ಉಳಿದವುಗಳಿಗೆ ಮುಂದಿನ ಮಹಡಿಯಲ್ಲಿ ಲ್ಯಾಪ್ ಕೊಡುವುದು ವಾಡಿಕೆ. ನಿಮ್ಮ ಕಂಬಿಗಳನ್ನು ತುದಿಗೆ ತುದಿ ಜೋಡಿಸುವ ಕಪ್ಲರಿನಿಂದ ಮುಂದುವರಿಸಬಹುದೇ ಎಂಬುದನ್ನು ನಕ್ಷೆ ಮಾಡಿದವರು ಸ್ಥಳಕ್ಕೆ ಬಂದು ನೋಡಿಯೇ ಹೇಳಬೇಕು. ಅಲ್ಲಿಯವರೆಗೆ ಪಿಲ್ಲರಿಗೆ ಕಾಂಕ್ರೀಟ್ ಹಾಕಿಸಬೇಡಿ.

ಕನ್ನಡ ಅಧ್ಯಾಪಕರು:

ಹಾಗಾದರೆ ಲ್ಯಾಪಿಗೆ ‘ಜೊತೆಯುದ್ದ’ ಎನ್ನಬಹುದು. ಕಂಬಿಗಳು ಜೊತೆಯಾಗಿ ಸಾಗುತ್ತವೆ, ಒಂದಾಗುವುದಿಲ್ಲ ಎಂಬುದು ಅದರಲ್ಲೇ ಇದೆ. ಇಟ್ಟಿಗೆ ಕಟ್ಟುವಾಗ ಸಂದಿನ ಮೇಲೆ ಸಂದು ಬರಬಾರದು ಎನ್ನುತ್ತಾರೆ. ಅದರಿಂದ ‘ಸಂದು ತಪ್ಪಿಸುವುದು’ ಎಂಬುದನ್ನು ಸ್ಟ್ಯಾಗರಿಗೆ ಪಡೆಯಬಹುದಲ್ಲವೇ?

ಗುತ್ತಿಗೆದಾರರು:

‘ತಪ್ಪಿಸು’ ಎಂದರೆ ನಮ್ಮ ಹುಡುಗರು ಲ್ಯಾಪನ್ನೇ ಬಿಟ್ಟುಬಿಟ್ಟಾರು.

ಅನುವಾದಕಿ:

ಆ ಆಕ್ಷೇಪ ನ್ಯಾಯವಾದದ್ದು. ಸದ್ಯಕ್ಕೆ ‘ಲ್ಯಾಪ್’ ಪದವನ್ನು ಹಾಗೆಯೇ ಉಳಿಸಿ, ಮೊದಲ ಬಾರಿ ಬಂದಲ್ಲಿ ‘ಜೊತೆಯುದ್ದ’ವನ್ನೂ ಬಳಸುತ್ತೇನೆ. ಸ್ಟ್ಯಾಗರಿಗೆ ‘ಲ್ಯಾಪುಗಳನ್ನು ಒಂದೇ ಮಟ್ಟಕ್ಕೆ ತಾರದೆ ಮೇಲೆ ಕೆಳಗೆ ಮಾಡುವುದು’ ಎಂದು ಬಿಡಿಸಿ ಬರೆದಿದ್ದೇನೆ. ಆದರೆ ಬೀಮಿನಲ್ಲಿ ಕಂಬಿ ಮಲಗಿರುತ್ತದೆ, ಅಲ್ಲಿ ‘ಮೇಲೆ ಕೆಳಗೆ’ ಹೊಂದುವುದಿಲ್ಲ. ಎರಡಕ್ಕೂ ಒಪ್ಪುವ ಒಂದೇ ಪದ ಯಾರಿಗಾದರೂ ಹೊಳೆದರೆ ತಿಳಿಸಬೇಕು.