ಫ್ಲೋರ್ ಸೂಪರ್‌ವೈಸರ್ ತಗೊಳ್ಳೋದೈತಿ, ಏನ್ ಬರೀಬೇಕು, ಏನ್ ಕೇಳಬೇಕು?

ಕೇಶ್ವಾಪುರ ಊಟದಮನಿ: ಹುಬ್ಬಳ್ಳಿಯೊಳಗ 22 ಟೇಬಲ್ಲಿನ ಫ್ಯಾಮಿಲಿ ರೆಸ್ಟೋರೆಂಟ್, ವೇಟರ್ 8 ಮಂದಿ. ಫ್ಲೋರ್ ಸೂಪರ್‌ವೈಸರ್ ಬೇಕಾಗ್ಯಾರ. ಕೆಲಸದ ವಿವರ ಹೆಂಗ ಬರೀಬೇಕು, ಇಂಟರ್‌ವ್ಯೂದಾಗ ಏನ್ ಕೇಳಬೇಕ್ರಿ?

ಸಪ್ತಾಪುರದಾವ: ಕ್ಯಾಪ್ಟನ್ ಆಗಿ 5 ವರ್ಷ ಮಾಡಿರಬೇಕು ಅಂತ ಹಾಕ್ರಿ, ಅಷ್ಟ ಸಾಕು. ಅನುಭವ ಇದ್ದಾವಗ ಏನೂ ಹೇಳಿಕೊಡೋದು ಬ್ಯಾಡ.

ಹಳೇ ಮ್ಯಾನೇಜರ್: ಕ್ಯಾಪ್ಟನ್ ಆಗಿದ್ದಾವ ಬೇಕು, ಖರೆ. ಆದ್ರ ವರ್ಷ ಒಂದ ಬರದ್ರ ಆಗೂದಿಲ್ಲ. ‘ಹಾಲ್ ನೋಡ್ಕೋಬೇಕು’ ಅಂತ ಬರದ್ರ ಬಂದಾವ ಗಲ್ಲಾದ ಬಾಜೂಕ ನಿಂತಬಿಡ್ತಾನ. ಹಿಂಗ ಬರೀರಿ: 22 ಟೇಬಲ್, 8 ವೇಟರ್, ಇವರಿಗೆ ಟೇಬಲ್ ಹಂಚೋದು, ಆರ್ಡರ್ ಚೀಟಿ, ಅಂದ್ರ ಕೆಒಟಿ, ಅಡಿಗಿಮನಿ ಮುಟ್ಟಿತೋ ಇಲ್ಲೋ ನೋಡೋದು, ರಾತ್ರಿ ಕೆಒಟಿ ನಂಬರ್ ಬಿಲ್ಲಿಗೆ ತಾಳೆ ಹಾಕೋದು. ಎಷ್ಟರ ತನಕ ಅವನ ಅಧಿಕಾರ ಅನ್ನೋದೂ ಅದರಾಗ ಇರಬೇಕು. ವೇಳೆ, ವಾರದ ರಜಾ ಮೊದಲ ಹೇಳ್ರಿ. ನಡುವ ಬಿಡುವು ಕೊಟ್ಟು ಎರಡು ಹೊತ್ತು ದುಡಿಸೋ ಬ್ರೇಕ್ ಶಿಫ್ಟ್ ಅಂತ ಬಂದಮ್ಯಾಲೆ ತಿಳಿದ್ರ ತಿಂಗಳದಾಗ ಬಿಟ್ಟುಹೋಗ್ತಾರ.

ಇಂಟರ್‌ವ್ಯೂದಾಗ ಒಂದ ಪ್ರಸಂಗ ಕೊಡ್ರಿ. ರವಿವಾರ ಮಧ್ಯಾಹ್ನ 1:30, ಹಾಲ್ ತುಂಬೈತಿ. 7ನೇ ಟೇಬಲ್ಲಿನ ನಾಲ್ಕು ಮಂದಿ 25 ನಿಮಿಷದ ಹಿಂದ ಜ್ವಾಳದ ರೊಟ್ಟಿ ಊಟ ಹೇಳ್ಯಾರ, ಬಂದಿಲ್ಲ. ಮೊದಲ ಏನ್ ಮಾಡ್ತಿ? ‘ವೇಟರ್‌ನ ಕರದು ಬೈತೀನಿ’ ಅಂದಾವ ಬ್ಯಾಡ. ‘ಸಾರಿ ಕೇಳ್ತೀನಿ’ ಅಂದಾವ ಅರ್ಧಕ್ಕ ನಿಂತಾನ. ಬೇಕಾದಾವ ಮೊದಲ ಅಡಿಗಿಮನಿಗೆ ಹೋಗಿ ಚೀಟಿ ಐತೋ ಇಲ್ಲೋ ನೋಡ್ತಾನ. ಇಲ್ಲಂದ್ರ ಮತ್ತೊಂದು ಕೊಟ್ಟು, ಎಷ್ಟು ನಿಮಿಷ ಬೇಕು ಅಂತ ಭಟ್ಟರನ್ನ ಕೇಳಿ, ಆ ವೇಳೆ ತಾನ ಟೇಬಲ್ಲಿಗೆ ಹೇಳ್ತಾನ. ವೇಟರ್‌ನ ವಿಚಾರಣೆ ಹಾಲ್ ಖಾಲಿ ಆದಮ್ಯಾಲೆ.

ಅಲ್ಲೇ ಇನ್ನೊಂದು ಕೇಳ್ರಿ: ಅವರು ಎರಡು ಎಣ್ಣೆಗಾಯಿ ಬ್ಯಾಡ ಅಂದ್ರು, ಕೆಒಟಿ ರದ್ದು ಯಾರ್ ಮಾಡ್ಬೇಕು? ಪದಾರ್ಥ ಒಲಿ ಮ್ಯಾಲಿತ್ತೋ ಇಲ್ಲೋ ಅಂತ ಅವ ತಿರುಗಿ ಕೇಳಿದ್ರ ಕೆಲಸ ಬರ್ತದ. ಸೋರಿಕೆ ಇಲ್ಲೇ ಆಗೋದು: ಊಟ ಬಡಿಸಿ, ರೊಕ್ಕ ಕೈಯಾಗ ತಗೊಂಡು, ಚೀಟಿ ರದ್ದು ಮಾಡೋದು. ಅದಕ್ಕ ರದ್ದು ಚೀಟಿ ಮ್ಯಾಲೆ ಕಾರಣ ಮತ್ತ ಭಟ್ಟರ ಸಹಿ ಇರಬೇಕು.

ಗದಗ ಟಿಫಿನ್: ನಮ್ಮಲ್ಲಿ ಸೆಲ್ಫ್ ಸರ್ವಿಸ್ ರೀ, ಟೋಕನ್ ಮೊದಲ ಹರೀತೀವಿ. ರದ್ದಿನ ಗದ್ದಲನ ಇಲ್ಲ. ಹುಡುಗೂರು ನಿಲ್ಲೂದಿಲ್ಲ, ಅದಕ್ಕೇನು ಮಾಡೋದು?

ಹಳೇ ಮ್ಯಾನೇಜರ್: ಅದು ಬ್ಯಾರೆ ಮಾತು ಅಣ್ಣಾರ. ಟೇಬಲ್ಲಿಗೆ ಬಡಿಸೋ ಕಡೆ ರೊಕ್ಕ ಕಡೀಕ ಬರ್ತದ, ಅದಕ್ಕ ಈ ಕಾಳಜಿ.

ನವನಗರ ಅಕ್ಕ: ರದ್ದು ಮಾಡೋ ಅಧಿಕಾರ ಸೂಪರ್‌ವೈಸರ್‌ಗೆ ಕೊಡಬ್ಯಾಡ್ರಿ, ಮಾಲಕರ ಹಂತೇಕ ಇರ್ಲಿ.

ಹಳೇ ಮ್ಯಾನೇಜರ್: ಮಾಲಕರು ಇಲ್ಲದ ಹೊತ್ತಿನ್ಯಾಗ ಗಿರಾಕಿ ಬಿಲ್ಲಿಗೆ ಕಾಯ್ತಾನ್ರಿ ಅಕ್ಕಾರ. ಒಂದು ಟೇಬಲ್ಲಿಗೆ 300 ರೂಪಾಯಿ ತನಕ ಕೊಡ್ರಿ, ಮ್ಯಾಲಾದ್ರ ಫೋನ್ ಮಾಡ್ಲಿ.

ನವನಗರ ಅಕ್ಕ: ದಿನಕ್ಕ ಹತ್ತು ಟೇಬಲ್ ಆದ್ರ 3000 ಆತಲ್ರಿ. ನಾ ಒಪ್ಪೂದಿಲ್ಲ.

ಕೇಶ್ವಾಪುರ ಊಟದಮನಿ: ಟೇಬಲ್ಲಿಗಷ್ಟ ಅಲ್ಲ, ದಿನಕ್ಕೂ ಒಂದು ಮಿತಿ ಬರೀತೀನಿ. ಪಗಾರ ಕೊಟ್ಟು ಒಂದು ಶನಿವಾರ ರಾತ್ರಿ ನಿಲ್ಲಿಸಿ ನೋಡ್ಲೇನು?

ಹಳೇ ಮ್ಯಾನೇಜರ್: ನೋಡ್ರಿ. 8 ಗಂಟೆಗೆ ಅವ ಎಲ್ಲಿ ನಿಂತಾನ ಅನ್ನೋದು ನೋಡ್ರಿ. ಹಾಲ್ ಪೂರಾ ಕಾಣೋ ಕಡೆಯೋ, ಗಲ್ಲಾದ ಕಡೆಯೋ.