ಅಪ್‌ಡೇಟ್: ಗೇರು ಫ್ಯಾಕ್ಟರಿಯವರಿಗೂ ಇಂಜಿನಿಯರ್‌ಗೂ ಪರಿಚಯದ ಮೇಲ್

ನನ್ನ ಪ್ರಶ್ನೆ ಇದಾಗಿತ್ತು: "ಕಾರ್ಕಳದ ಗೇರು ಫ್ಯಾಕ್ಟರಿ ಮಾಲೀಕರನ್ನೂ ಸುರತ್ಕಲ್‌ನ ಇಂಜಿನಿಯರ್ ಒಬ್ಬರನ್ನೂ ಒಂದೇ ಮೇಲ್‌ನಲ್ಲಿ ಪರಿಚಯಿಸಿದೆ. ಇಬ್ಬರೂ ಉತ್ತರಿಸಲಿಲ್ಲ. ಏನು ತಪ್ಪಾಯಿತು?"

ನೀವು ಹೇಳಿದಂತೆ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಂಜಿನಿಯರ್ ಮೇಡಂ, "ಈ ವಾರ ಬೇಡ, ಸೋಮವಾರದ ನಂತರ ಆಗಬಹುದು" ಎಂದರು. ಕೇಳದೆ ಕಳಿಸಿದಾಗ ಅವರಿಗೆ ಎಷ್ಟು ಮುಜುಗರ ಆಗಿತ್ತೋ!

ಹಳೆಯ ಮೇಲ್‌ನಲ್ಲಿ "ನಿಮಗಿಬ್ಬರಿಗೂ ಉಪಯೋಗವಾಗಬಹುದು" ಎಂದಷ್ಟೇ ಇತ್ತು. ಯಾಕೆ ಮಾತಾಡಬೇಕು ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ, ಅಲ್ವಾ? ಈ ಸಲ ವಿಷಯದ ಸಾಲಿನಲ್ಲೇ "ಪರಿಚಯ: ಗೇರು ಡ್ರೈಯರ್‌ನ ಬಿಸಿ ಸಮಸ್ಯೆ" ಎಂದು ಹಾಕಿದೆ. ಒಳಗೆ ಹೀಗೆ ಬರೆದೆ:

"ಮೇಡಂ, ಇವರ ಡ್ರೈಯರ್‌ನಲ್ಲಿ ಮೇಲಿನ ತಟ್ಟೆಗಳ ಬೀಜ ಜಾಸ್ತಿ ಒಣಗಿ, ಸಿಪ್ಪೆ ತೆಗೆಯುವಾಗ ತುಂಡಾಗುತ್ತಿದೆ. ಕೆಳಗಿನವುಗಳ ಸಿಪ್ಪೆ ಬಿಡುವುದೇ ಇಲ್ಲ. ಇಡೀ ಬೀಜಕ್ಕೇ ಒಳ್ಳೆಯ ಬೆಲೆ. ಸರ್, ಮೇಡಂ ಗಾಳಿ ಹರಿವಿನ ಕೆಲಸ ಮಾಡಿದವರು. ಡ್ರೈಯರ್‌ನ ಫೋಟೋ ಮತ್ತು ಮೂರು ತಟ್ಟೆಗಳ ಉಷ್ಣತೆ ಕಳಿಸಿ. ಮೊದಲು 20 ನಿಮಿಷ ಫೋನ್‌ನಲ್ಲಿ ಮಾತಾಡಿದರೆ ಸಾಕು."

ಸಹಾಯ ಬೇಕಿದ್ದವರು ಮಾಲೀಕರು. ಹಾಗಾಗಿ ಮೊದಲ ಉತ್ತರ ಅವರೇ ಬರೆಯಬೇಕೆಂದು ಮೊದಲೇ ಹೇಳಿಟ್ಟಿದ್ದೆ. ಅದೇ ಸಂಜೆ ಫೋಟೋ ಬಂತು. ಉತ್ತರಿಸುವಾಗ ಮೇಡಂ ನನ್ನ ವಿಳಾಸವನ್ನು ಬಿಸಿಸಿಗೆ ಹಾಕಿದರು. ಮುಂದಿನ ಮೇಲ್‌ಗಳು ನನಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಫೀಸಿನ ಮಾತು ಅವರಿಬ್ಬರದು. ಶನಿವಾರ ಮೇಡಂ ಫ್ಯಾಕ್ಟರಿಗೆ ಹೋಗುತ್ತಿದ್ದಾರೆ.